ಸ್ವಾಬ್‌ನಲ್ಲಿ ಏನೂ ಬೆಳೆಯದಿದ್ದಾಗ: ಓ.ಟಿ. ಪರೀಕ್ಷೆಯ ಟಿಪ್ಪಣಿ

ವಿಜಯಪುರದ ಏಪ್ರಿಲ್ ಎಂದರೆ ಕಿಟಕಿ ಮುಚ್ಚಿದ್ದರೂ ಮೇಜಿನ ಮೇಲೆ ದೂಳು ಕೂರುವ ಕಾಲ. ಆ ತಿಂಗಳಲ್ಲೇ ನಾವು ಇಲ್ಲಿನ ಒಂದು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಅಂದರೆ ಓ.ಟಿ.ಯಲ್ಲಿ, ಗಾಳಿಯಿಂದ ಇಳಿಯುವ ಬ್ಯಾಕ್ಟೀರಿಯಾ ಹಿಡಿಯಲು ಪ್ಲೇಟ್ ಇಟ್ಟೆವು, ಮೇಲ್ಮೈಗಳನ್ನು ಹತ್ತಿಕಡ್ಡಿಯಿಂದ ಉಜ್ಜಿ ಸ್ವಾಬ್ ತೆಗೆದೆವು.

ಸೆಟಲ್ ಪ್ಲೇಟ್ ಇಡುವ ಲೆಕ್ಕ ಮೂರು ಒಂದುಗಳಲ್ಲಿದೆ: ನೆಲದಿಂದ 1 ಮೀಟರ್ ಎತ್ತರ, ಗೋಡೆಯಿಂದ 1 ಮೀಟರ್ ದೂರ, 1 ಗಂಟೆ ತೆರೆದಿಡುವುದು. ಬ್ಯಾಕ್ಟೀರಿಯಾ ಬೆಳೆಸುವ ಬ್ಲಡ್ ಅಗಾರ್ ತುಂಬಿದ 90 ಮಿ.ಮೀ. ಅಗಲದ ತಟ್ಟೆಯ ಮುಚ್ಚಳ ತೆಗೆದು ಪಕ್ಕಕ್ಕೆ ಸರಿಯಬೇಕು. ತಟ್ಟೆಯ ಮೇಲೆ ಬಾಗಿ ನಿಂತರೆ ನಮ್ಮ ಚರ್ಮದ ಬ್ಯಾಕ್ಟೀರಿಯಾಗಳನ್ನೇ ಎಣಿಸಿದಂತಾಗುತ್ತದೆ. ಇನ್ನೊಂದು ತಟ್ಟೆಯನ್ನು ಅಲ್ಲಿಯೇ ತೆರೆದು ತಕ್ಷಣ ಮುಚ್ಚಿಡಿ. ಅದರಲ್ಲೂ ಬೆಳವಣಿಗೆ ಕಂಡರೆ ತಪ್ಪು ಕೊಠಡಿಯದಲ್ಲ, ತಟ್ಟೆಯದು ಅಥವಾ ಕೈಯದು.

37 ಡಿಗ್ರಿಯಲ್ಲಿ 48 ಗಂಟೆ ಇಟ್ಟ ಮೇಲೆ ಎಣಿಸಿದಾಗ ಮೇಜಿನ ಬಳಿ 3 ಕಾಲೊನಿಗಳು, ಉಪಕರಣಗಳ ಟ್ರಾಲಿಯ ಬಳಿ 4, ಬಾಗಿಲ ಬಳಿ 19. ನನ್ನ ಮಟ್ಟಿಗೆ ಸಂಖ್ಯೆಗಿಂತ ರೂಪವೇ ಹೆಚ್ಚು ಹೇಳುತ್ತದೆ. ಬಾಗಿಲ ಬಳಿಯವು ಬಹುತೇಕ ದೊಡ್ಡದಾಗಿ ಹರಡಿದ, ಕಾಂತಿಯಿಲ್ಲದ, ಅಂಚು ಒರಟಾದ ಕಾಲೊನಿಗಳು. ಗ್ರಾಂ ಬಣ್ಣದಲ್ಲಿ ನೇರಳೆ ಕಡ್ಡಿಗಳು, ಒಳಗೆ ಬಣ್ಣ ಹಿಡಿಯದ ಬೀಜಾಣುಗಳು: ಬ್ಯಾಸಿಲಸ್. ಇದು ಮಣ್ಣಿನದು, ಮನುಷ್ಯರದಲ್ಲ. ಬಾಗಿಲ ಅಡಿಯ ಸಂದಿನಿಂದ ಕಾರಿಡಾರಿನ ದೂಳು ಬರುತ್ತಿತ್ತು. ಕಾಲೊನಿಗಳು ದುಂಡಗಿನ ಸ್ಟ್ಯಾಫಿಲೊಕಾಕಸ್‌ನವಾಗಿದ್ದರೆ ಓಡಾಡುವ ಜನರನ್ನು ಗಮನಿಸಬೇಕಾಗಿತ್ತು.

ಒಂದು ಮಿತಿ ನೆನಪಿರಲಿ. ತಟ್ಟೆ ಹಿಡಿಯುವುದು ಭಾರಕ್ಕೆ ಕೆಳಗಿಳಿಯುವ ಕಣಗಳನ್ನು. ತೇಲುತ್ತಲೇ ಇರುವ ಸಣ್ಣ ಕಣಗಳು ತಪ್ಪಿಸಿಕೊಳ್ಳುತ್ತವೆ. ಆದ್ದರಿಂದ ಈ 19ನ್ನು ಒಂದು ಘನ ಮೀಟರ್ ಗಾಳಿಯಲ್ಲಿರುವ ಸಂಖ್ಯೆ ಎಂದು ಬರೆಯಬಾರದು. ಅದಕ್ಕೆ ಗಾಳಿಯನ್ನು ಅಳೆದು ಎಳೆಯುವ ಯಂತ್ರ ಬೇಕು.

ಸ್ವಾಬ್‌ಗಳ ಕಥೆ ಬೇರೆ. ಮೇಜು, ದೀಪದ ಹಿಡಿ, ಟ್ರಾಲಿ ಎಲ್ಲವೂ 'ಬೆಳವಣಿಗೆ ಇಲ್ಲ'. ಗಾಳಿಯಿಂದ ಇಷ್ಟು ಇಳಿಯುವ ಕೊಠಡಿಯಲ್ಲಿ ಎಲ್ಲ ಮೇಲ್ಮೈಗಳೂ ಸೊನ್ನೆ ಎಂಬುದು ನನಗೆ ಒಪ್ಪಿಗೆಯಾಗಲಿಲ್ಲ. ವಿಚಾರಿಸಿದಾಗ, ನಾವು ಹೋಗುವ ಅರ್ಧ ಗಂಟೆ ಮೊದಲು ಸಿಬ್ಬಂದಿ ಕ್ವಾಟರ್ನರಿ ಅಮೋನಿಯಂ ಎಂಬ ಸೋಂಕುನಾಶಕ ದ್ರಾವಣದಿಂದ ಎಲ್ಲವನ್ನೂ ಒರೆಸಿದ್ದರು. ಅದರ ಶೇಷ ಹತ್ತಿಗೆ ಅಂಟಿ ಅಗಾರಿನವರೆಗೂ ಬಂದು, ಬದುಕಿದ್ದ ಜೀವಿಗಳನ್ನೂ ಬೆಳೆಯಗೊಡಲಿಲ್ಲ.

ಮರುವಾರ ಒರೆಸುವ ಮೊದಲೇ ಹೋದೆವು. ಬರೀ ಸಲೈನ್ ಬದಲು ಲೆಸಿಥಿನ್ ಮತ್ತು ಪಾಲಿಸಾರ್ಬೇಟ್ 80 ಇರುವ ದ್ರವದಲ್ಲಿ ಸ್ವಾಬ್ ಅದ್ದಿದೆವು. ಇವು ಆ ರಾಸಾಯನಿಕದ ಶಕ್ತಿಯನ್ನು ಕಟ್ಟಿಹಾಕುತ್ತವೆ. ಕ್ಲೋರಿನ್ ಬಳಸಿದ್ದರೆ ಸೋಡಿಯಂ ಥಯೋಸಲ್ಫೇಟ್ ಬೇಕು. 5 ಸೆಂ.ಮೀ. ಚೌಕದೊಳಗೆ ಸ್ವಾಬನ್ನು ತಿರುಗಿಸುತ್ತಾ ಮೊದಲು ಅಡ್ಡ, ಆಮೇಲೆ ಉದ್ದ ಉಜ್ಜಿದೆವು. ದೀಪದ ಹಿಡಿ ಬಾಗಿದ್ದರಿಂದ ಅಲ್ಲಿ ಚೌಕ ಕೂರಲಿಲ್ಲ, ಇಡೀ ಹಿಡಿಯನ್ನೇ ಉಜ್ಜಿದೆವು. ಅದರಲ್ಲಿ 6 ಕಾಲೊನಿಗಳು ಬಂದವು: ಗೊಂಚಲಾಗಿರುವ ದುಂಡು ಬ್ಯಾಕ್ಟೀರಿಯಾಗಳು, ಕೊಯಾಗ್ಯುಲೇಸ್ ಪರೀಕ್ಷೆಯಲ್ಲಿ ಋಣಾತ್ಮಕ, ಅಂದರೆ ಯಾರದೋ ಕೈಯ ಚರ್ಮದವು.

ಅಂದಿನಿಂದ ನಮ್ಮ ಸ್ವಾಬ್ ಚೀಟಿಯಲ್ಲಿ ಎರಡು ಸಾಲು ಹೆಚ್ಚಾಗಿವೆ: ಕೊನೆಯ ಬಾರಿ ಒರೆಸಿದ ಸಮಯ, ಯಾವ ದ್ರಾವಣ.