ಕಟ್ಟೆ ಮೇಲೆ ಕೂತ ಮಗುವಿನ ಕೈ ಎಳೆಯಬೇಡ

ಪ್ರೀತಿಯ ತಂಗಿ,

ಪರೀಕ್ಷೆಗೆ ಹೋಗುವ ಮುಂಚಿನ ಶನಿವಾರ ನಮ್ಮ ಸ್ಕೂಲಿನ ಮಕ್ಕಳಿಗೆ ಆಟ ಆಡಿಸಿ, ನೀನು ಬೇಜಾರು ಮಾಡಿಕೊಂಡೇ ಬಸ್ ಹತ್ತಿದೆ. ಅವತ್ತು 30 ಮಕ್ಕಳು ಕುಣಿದು ಕುಪ್ಪಳಿಸಿದ್ದರು. ನಿನಗೆ ಅದು ನೆನಪಿರಲಿಲ್ಲ. ಧ್ವಜದ ಕಟ್ಟೆ ಮೇಲೆ ಕೂತಿದ್ದ ಮೂರನೇ ಕ್ಲಾಸಿನ ಆ ಒಬ್ಬ ಹುಡುಗನೇ ನಿನ್ನ ತಲೆಯಲ್ಲಿದ್ದ. "ಏನು ಮಾಡಿದರೂ ಬರಲಿಲ್ಲ ಮೇಡಂ" ಅಂದೆ.

ನೀನು ಏನೇನು ಮಾಡಿದೆ ಅನ್ನೋದನ್ನು ನಾನು ಆಫೀಸ್ ರೂಮಿನ ಕಿಟಕಿಯಿಂದ ನೋಡುತ್ತಿದ್ದೆ. ಮೊದಲು ಕರೆದೆ. ಆಮೇಲೆ ಚಾಕಲೇಟ್ ತೋರಿಸಿದೆ. ಅದಕ್ಕೂ ಜಗ್ಗಲಿಲ್ಲ ಅಂತ ಎಲ್ಲ ಮಕ್ಕಳಿಂದ ಅವನ ಹೆಸರು ಕೂಗಿಸಿ ಚಪ್ಪಾಳೆ ಹೊಡೆಸಿದೆ. ಕೊನೆಗೆ ಕೈ ಹಿಡಿದು ಎಳೆದೆ. ಅವನು ಧ್ವಜದ ಕಂಬ ತಬ್ಬಿಕೊಂಡ.

ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. 22 ವರ್ಷದಿಂದ ನೋಡುತ್ತಿದ್ದೇನೆ, ಹೊಸದಾಗಿ ಬಂದವರೆಲ್ಲ ಇದೇ ದಾರಿಯಲ್ಲಿ ಹೋಗುತ್ತಾರೆ. ಒಳ್ಳೆ ಮನಸ್ಸಿನವರೇ ಜಾಸ್ತಿ ಜೋರಾಗಿ ಎಳೆಯುತ್ತಾರೆ. ನಾನೂ ಎಳೆದಿದ್ದೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಐದನೇ ಕ್ಲಾಸಿನ ಒಂದು ಹುಡುಗಿ ಖೋ ಖೋಗೆ ಬರಲ್ಲ ಅಂದಳು. ಹಟ ಅಂದುಕೊಂಡೆ. ರಟ್ಟೆ ಹಿಡಿದು ಎಬ್ಬಿಸಿದೆ. ಅವಳ ಲಂಗದ ಕೊಕ್ಕೆ ಕಿತ್ತುಹೋಗಿತ್ತು, ಪಿನ್ನು ಹಾಕಿಕೊಂಡು ಬಂದಿದ್ದಳು. ಎಳೆದ ರಭಸಕ್ಕೆ ಪಿನ್ನು ಬಿಚ್ಚಿತು. ಎಲ್ಲರ ಮುಂದೆ ಲಂಗ ಹಿಡಿದುಕೊಂಡು ನಿಂತ ಆ ಮಗುವಿನ ಮುಖ ನನಗೆ ಇವತ್ತಿಗೂ ಕಾಣುತ್ತದೆ. ಎಂಟು ದಿನ ಸ್ಕೂಲಿಗೆ ಬರಲಿಲ್ಲ. ಮನೆಗೆ ಹೋಗಿ ಅವರಮ್ಮನ ಹತ್ತಿರ ಕ್ಷಮೆ ಕೇಳಿ ಕರೆದುಕೊಂಡು ಬಂದೆ.

ಅವತ್ತಿನಿಂದ ನಾನು ಹಿಡಿದುಕೊಂಡಿರುವ ಮಾತು ಒಂದೇ. ನೀನು ಇದನ್ನು ಸರಿಯಾಗಿ ಕೇಳಿಸಿಕೋ, ಯಾಕಂದರೆ ಎಷ್ಟು ಸಲ ಹೇಳಿದರೂ ಜನ ಇದನ್ನೇ ಮರೆಯುತ್ತಾರೆ. "ಆಡಲ್ಲ" ಅನ್ನುವ ಮಗು ಆಟವನ್ನೇ ಬೇಡ ಅನ್ನುತ್ತಿಲ್ಲ. ಆ ಆಟದೊಳಗಿನ ಯಾವುದೋ ಒಂದನ್ನು ಬೇಡ ಅನ್ನುತ್ತಿದೆ. ಓಡೋದಿರಬಹುದು, ಕೈ ಹಿಡಿಯೋದಿರಬಹುದು, ಔಟಾಗಿ ನಗೆಪಾಟಲಾಗೋದಿರಬಹುದು, ಹಿಂದಿನಿಂದ ಯಾರೋ ಬರೋದಿರಬಹುದು. ಆ ಒಂದು ಯಾವುದು ಅಂತ ಹುಡುಕೋದು ನಿನ್ನ ಕೆಲಸ. ಮಗುವನ್ನು ಒಪ್ಪಿಸೋದು ನಿನ್ನ ಕೆಲಸ ಅಲ್ಲ.

ಹುಡುಕೋದು ಅಂದರೆ "ಯಾಕೋ ಆಡಲ್ಲ?" ಅಂತ ಕೇಳೋದು ಅಂದುಕೊಳ್ಳಬೇಡ. ಎಂಟು ವರ್ಷದ ಮಗುವಿಗೆ ಆ ಉತ್ತರ ಗೊತ್ತಿರೋದಿಲ್ಲ. ಗೊತ್ತಿದ್ದರೂ ಎಲ್ಲರ ಮುಂದೆ ಹೇಳೋದಿಲ್ಲ. ಪಿನ್ನಿನ ವಿಷಯ ಯಾರು ತಾನೇ ಬಾಯಿಬಿಟ್ಟು ಹೇಳುತ್ತಾರೆ? ಸುಮ್ನೆ ನೋಡಬೇಕು. ನಾನು ಆ ಹುಡುಗನನ್ನು ಹೇಗೆ ನೋಡಿದೆ ಅಂತ ಬರೆಯುತ್ತೇನೆ.

ಮೊದಲ ವಾರ ಏನೂ ಮಾಡಲಿಲ್ಲ. "ನಿನಗೆ ಜಾಗ ಇದೆ, ಬೇಕು ಅನಿಸಿದಾಗ ಬಾ" ಅಂತ ಒಂದೇ ಸಲ ಹೇಳಿದೆ, ಮತ್ತೆ ಕರೆಯಲಿಲ್ಲ. ಕಟ್ಟೆ ಮೇಲೆ ಅವನ ಪಕ್ಕ ಕೂತೆ. ಎದುರಿಗೆ ಕೂತರೆ ವಿಚಾರಣೆ ಥರ ಆಗುತ್ತದೆ. ಪಕ್ಕದಲ್ಲಿ ಕೂತು ಇಬ್ಬರೂ ಒಂದೇ ಕಡೆ ನೋಡುತ್ತಿದ್ದರೆ ಮಗುವಿಗೆ ಹಗುರ. ಕೈಯಲ್ಲಿ ಲಗೋರಿ ಕಲ್ಲು ಇಟ್ಟುಕೊಂಡು ಚಪ್ಪಟೆಯಾಗಿರೋದನ್ನು ಆರಿಸುತ್ತಾ ಕೂತಿದ್ದೆ.

ಆಗ ಮೂರು ವಿಷಯ ಕಂಡವು. ಒಂದು, ಅವನು ಸುಮ್ಮನೆ ಕೂತಿರಲೇ ಇಲ್ಲ. ಚೆಂಡು ಹತ್ತಿರ ಉರುಳಿ ಬಂದರೆ ಎದ್ದು ಹೋಗಿ ಎಸೆಯುತ್ತಿದ್ದ. ಗುರಿಯೂ ಚೆನ್ನಾಗಿತ್ತು. ಎರಡು, ಖೋ ಖೋ ಶುರುವಾದರೆ ಯಾರೂ ಕರೆಯದೆ ಹೋಗಿ ಸಾಲಿನಲ್ಲಿ ಕೂರುತ್ತಿದ್ದ. ಮೂರು, ಕೆರೆ ದಡ ಅಂದ ಕೂಡಲೇ ಕಟ್ಟೆಗೆ ವಾಪಸ್. ನೀನು ಬರುವ ಶನಿವಾರಗಳಲ್ಲಿ ಆಡಿಸೋದು ಕೆರೆ ದಡ, ಅಲ್ವಾ? ಅದಕ್ಕೇ ನಿನ್ನ ಕಣ್ಣಿಗೆ ಅವನು ಯಾವ ಆಟಕ್ಕೂ ಬಾರದ ಹುಡುಗ.

ಖೋ ಖೋ ಬೇಕು, ಕೆರೆ ದಡ ಬೇಡ. ಎರಡರಲ್ಲೂ ಕೂಗು ಇದೆ, ಎರಡರಲ್ಲೂ ಔಟ್ ಇದೆ. ವ್ಯತ್ಯಾಸ ಎಲ್ಲಿ ಅಂತ ಒಂದು ರಾತ್ರಿ ಯೋಚನೆ ಮಾಡಿದೆ. ಖೋ ಖೋದಲ್ಲಿ ಬೆನ್ನು ಮುಟ್ಟಿ "ಖೋ" ಅನ್ನುತ್ತಾರೆ. ಕೇಳಿಸದಿದ್ದರೂ ಬೆನ್ನಿಗೆ ಗೊತ್ತಾಗುತ್ತದೆ. ಕೆರೆ ದಡದಲ್ಲಿ ಇರೋದು ಕಿವಿ ಮಾತ್ರ. ಆಡಿಸುವವರು ಅತ್ತಿತ್ತ ಓಡಾಡುತ್ತಾ ಕೂಗುತ್ತಾರೆ, ಮಕ್ಕಳು ಕಿರುಚುತ್ತಿರುತ್ತಾರೆ, ಆ ಗಲಾಟೆಯಲ್ಲಿ "ಕೆರೆ" ಯಾವುದು "ದಡ" ಯಾವುದು ಅಂತ ತಿಳಿಯಬೇಕು.

ಮಾರನೇ ದಿನ ಅವನನ್ನು ಕರೆಯದೆ, ಉಳಿದವರು ಆಡುವಾಗ "ಈ ಗೆರೆ ಅಳಿಸಿಹೋಗದ ಹಾಗೆ ನೋಡಿಕೋ" ಅಂತ ಸೀಮೆಸುಣ್ಣ ಕೊಟ್ಟೆ. ಗೆರೆ ಹತ್ತಿರ ನಿಂತ. ಸ್ವಲ್ಪ ಹೊತ್ತಿಗೆ ತಾನೂ ಹಾರತೊಡಗಿದ. ಅವನ ಕಣ್ಣು ನನ್ನ ಬಾಯಿ ಮೇಲೆ ಇರಲಿಲ್ಲ, ಪಕ್ಕದ ಹುಡುಗಿಯ ಕಾಲಿನ ಮೇಲಿತ್ತು. ಅವಳ ಕಾಲು ಎದ್ದ ಮೇಲೆ ಇವನ ಕಾಲು ಏಳುತ್ತಿತ್ತು. ಪ್ರತಿ ಸಲ ಒಂದು ಚಿಟಿಕೆಯಷ್ಟು ತಡ. ಆಟದೊಳಗಿದ್ದಿದ್ದರೆ ಪ್ರತಿ ಸಲ ಅವನೇ ಮೊದಲು ಔಟ್. ಅವನು ಕಟ್ಟೆ ಮೇಲೆ ಕೂರದೆ ಇನ್ನೇನು ಮಾಡಬೇಕಿತ್ತು, ಹೇಳು.

ಆಮೇಲೆ ಹತ್ತಿರದಿಂದ ನೋಡಿದೆ. ಎಡಗಿವಿಯಲ್ಲಿ ಹತ್ತಿ. ಮಾತಾಡಿಸಿದರೆ ಬಲಗಿವಿ ಮುಂದೆ ಮಾಡುತ್ತಾನೆ. ಕ್ಲಾಸಿನಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾನೆ, ಅಲ್ಲಿ ಸದ್ದು ಕಡಿಮೆ, ಹಾಗಾಗಿ ಇಷ್ಟು ದಿನ ನನಗೂ ಗೊತ್ತಾಗಿರಲಿಲ್ಲ. ಸಂಜೆ ಗೇಟಿನ ಹತ್ತಿರ ಅವರಮ್ಮನನ್ನು ಕೇಳಿದೆ. ಮಳೆಗಾಲದಿಂದ ಕಿವಿ ಸೋರುತ್ತಿದೆ, ಬಿಸಿ ಮಾಡಿ ಆರಿಸಿದ ಎಣ್ಣೆ ಬಿಡುತ್ತಿದ್ದೀನಿ ಮೇಡಂ ಅಂದರು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ನಮ್ಮ ಸ್ಕೂಲಿಗೆ ಬಂದು ಎಲ್ಲ ಮಕ್ಕಳನ್ನೂ ನೋಡುತ್ತದೆ. ಆ ದಿನ ಇವನು ಅಜ್ಜಿ ಊರಿಗೆ ಹೋಗಿದ್ದ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂತ ಚೀಟಿ ಬರೆದು ಕೊಟ್ಟೆ. ಕಿವಿಯ ತಮಟೆಯಲ್ಲಿ ತೂತಾಗಿದೆ, ಎಣ್ಣೆ ಬಿಡಬಾರದು, ನೀರು ಹೋಗದ ಹಾಗೆ ನೋಡಿಕೊಳ್ಳಿ ಅಂತ ಹೇಳಿ ಔಷಧಿ ಕೊಟ್ಟಿದ್ದಾರೆ. ಮತ್ತೆ ತೋರಿಸಬೇಕು.

ನಾನು ಡಾಕ್ಟರ್ ಅಲ್ಲ. ಆಟಕ್ಕೆ ಬಾರದ ಮಕ್ಕಳಿಗೆಲ್ಲ ಕಿವಿಯೇ ಕಾರಣ ಅಂತಲೂ ಹೇಳುತ್ತಿಲ್ಲ. ಹತ್ತು ಮಕ್ಕಳಿಗೆ ಹತ್ತು ಕಾರಣ ಇರುತ್ತದೆ. ಎಷ್ಟೋ ಮಕ್ಕಳು ಬರೀ ನೋಡಿ ಕಲಿಯುವವರು, ಬೇರೆ ಏನೂ ಇರೋದಿಲ್ಲ. 1932ರಲ್ಲೇ ಮಿಲ್ಡ್ರೆಡ್ ಪಾರ್ಟನ್ ಅನ್ನುವವರು ಅಮೆರಿಕದ ನರ್ಸರಿ ಮಕ್ಕಳ ಆಟ ಗಮನಿಸಿ ಬರೆದಾಗ, ಪಕ್ಕದಲ್ಲಿ ನಿಂತು ನೋಡುವುದನ್ನೂ ಒಂದು ಬಗೆ ಅಂತ ಪಟ್ಟಿಗೆ ಸೇರಿಸಿದ್ದರು. ಅವರು ನೋಡಿದ್ದು ಚಿಕ್ಕ ಮಕ್ಕಳನ್ನು. ಆದರೆ ಹೊಸ ಊರಿನಿಂದ ಬಂದ ನಾಲ್ಕನೇ ಕ್ಲಾಸಿನ ಮಗುವೂ ಹದಿನೈದು ದಿನ ಹಾಗೇ ನಿಲ್ಲುತ್ತದೆ. ಅದರ ಕಣ್ಣು ಆಟದ ಜೊತೆ ಓಡುತ್ತಿದೆಯಾ, ನಗುವ ಜಾಗದಲ್ಲಿ ನಗುತ್ತಿದೆಯಾ ನೋಡು. ಹಾಗಿದ್ದರೆ ಕಾಯಬಹುದು.

ಕಾಯಬಾರದ ಸಂದರ್ಭವೂ ಇದೆ. ಚೆನ್ನಾಗಿ ಆಡುತ್ತಿದ್ದ ಮಗು ಇದ್ದಕ್ಕಿದ್ದ ಹಾಗೆ ನಿಲ್ಲಿಸಿದರೆ, ಊಟ, ಮಾತು, ಗೆಳೆಯರು ಎಲ್ಲದರಿಂದ ದೂರ ಸರಿದರೆ, ಸ್ವಲ್ಪ ಓಡಿದರೂ ಏದುಸಿರು ಬಿಟ್ಟು ಕುಕ್ಕರಗಾಲಲ್ಲಿ ಕೂತರೆ, ಯಾರೋ ಒಬ್ಬರು ಹತ್ತಿರ ಬಂದರೆ ಮಾತ್ರ ಮುದುಡಿಕೊಂಡರೆ, ಅವತ್ತೇ ನನಗೋ ಹೆಡ್‌ಮಾಸ್ಟರಿಗೋ ಹೇಳು. ನೀನೇ ಕೂರಿಸಿಕೊಂಡು ಕೆದಕಬೇಡ. ಮಗುವಿಗೆ ಯಾರಿಂದಲೋ ತೊಂದರೆ ಆಗುತ್ತಿದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ, ಯಾರು ಬೇಕಾದರೂ ಫೋನ್ ಮಾಡಬಹುದು.

ಈಗ ಕೆರೆ ದಡದ ವಿಷಯ. ಆಟವನ್ನು ಸ್ವಲ್ಪ ಬದಲಾಯಿಸಿದ್ದೇನೆ, ನೀನು ಬಂದಾಗಲೂ ಹೀಗೇ ಆಡಿಸು. ಕೂಗುವವರು ಗೆರೆಯ ಒಂದು ತುದಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಒಂದೇ ಕಡೆ ನಿಲ್ಲಬೇಕು. ಕೆರೆ ಅಂದಾಗ ಕೈ ಕೆಳಗೆ, ದಡ ಅಂದಾಗ ಕೈ ಮೇಲೆ. ಮೋಸ ಮಾಡಬೇಕಿದ್ದರೆ ಬೇಗ ಬೇಗ ಹೇಳು, ಒಂದನ್ನೇ ಎರಡೆರಡು ಸಲ ಹೇಳು. ಬಾಯಲ್ಲಿ ಒಂದು ಕೈಯಲ್ಲಿ ಒಂದು ಮಾತ್ರ ಬೇಡ. ಔಟ್ ತೆಗೆದುಹಾಕಿದ್ದೇನೆ. ತಪ್ಪಿದವರು ಬಂದು ಐದು ಸಲ ಕೂಗಿ ಮತ್ತೆ ಗೆರೆಗೆ ಹೋಗುತ್ತಾರೆ. ಮೊದಲಾದರೆ ತಪ್ಪಿದ ಮಗು ಹತ್ತು ನಿಮಿಷ ಮೂಲೆಯಲ್ಲಿ ಕೂರುತ್ತಿತ್ತು. ಯಾರಿಗೆ ಅಭ್ಯಾಸ ಜಾಸ್ತಿ ಬೇಕೋ ಅವರಿಗೇ ಆಟ ಕಡಿಮೆ ಸಿಗುತ್ತಿತ್ತು. ಆರನೇ ಕ್ಲಾಸಿನವರು ಔಟ್ ಇಲ್ಲದಿದ್ದರೆ ಮಜಾ ಇಲ್ಲ ಅಂತ ಗಲಾಟೆ ಮಾಡಿದರು. ಅವರದು ಬೇರೆ ಗೆರೆ, ಅವರು ಔಟ್ ಇಟ್ಟುಕೊಂಡೇ ಆಡಲಿ.

ನಮ್ಮ ಮಕ್ಕಳಿಗೆ ಇನ್ನೊಂದು ಹಳೇ ಉಪಾಯವೂ ಗೊತ್ತು. ಚಿಕ್ಕ ತಂಗಿ ತಮ್ಮ ಆಟಕ್ಕೆ ಬಂದರೆ "ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂತ ಸೇರಿಸಿಕೊಳ್ಳುತ್ತಾರೆ. ಓಡಬಹುದು, ಹಾರಬಹುದು, ಔಟ್ ಇಲ್ಲ. ದೊಡ್ಡವರು ಅದನ್ನು ಹೀಯಾಳಿಸುವ ಮಾತು ಮಾಡಿಕೊಂಡಿದ್ದಾರೆ, ಮಕ್ಕಳಲ್ಲಿ ಅದು ಬಾಗಿಲು. ಇವನನ್ನೂ ಎರಡು ದಿನ ಹಾಗೇ ಸೇರಿಸಿಕೊಂಡರು. ಆದರೆ ಜಾಸ್ತಿ ದಿನ ಬಿಟ್ಟರೆ ಅದು ಪಟ್ಟವಾಗಿ ಅಂಟಿಕೊಳ್ಳುತ್ತದೆ. ಅದಕ್ಕೇ ಮೂರನೇ ದಿನ "ಇವತ್ತು ಲೆಕ್ಕಕ್ಕೆ ಬರ್ತೀಯಾ?" ಅಂತ ಅವನನ್ನೇ ಮೆಲ್ಲಗೆ ಕೇಳಿದೆ. ತಲೆ ಆಡಿಸಿದ. ಹಾಗೆಯೇ ಸೀಟಿ ಕೊಟ್ಟು ಅಂಪೈರ್ ಮಾಡೋದು, ಪಾಯಿಂಟ್ ಬರೆಸೋದು ಬೇಡ. ಆ ಕೆಲಸ ಸಿಕ್ಕ ಮಗು ವರ್ಷಪೂರ್ತಿ ಪಾಯಿಂಟೇ ಬರೆಯುತ್ತಿರುತ್ತದೆ. ಕಾಲು ಆಟದೊಳಗೆ ಇರುವಂಥ ಕೆಲಸ ಕೊಡು. ಗೆರೆ ಎಳೆಯೋದು, ಚೆಂಡು ತರೋದು, ಬಿದ್ದ ಏಳು ಲಗೋರಿ ಕಲ್ಲು ಪೇರಿಸೋದು.

ಅವನು ಗೆರೆಗೆ ಬಂದ ದಿನ ನಾನು ಅವನ ಕಡೆ ತಿರುಗಿಯೂ ನೋಡಲಿಲ್ಲ. ತುಂಬ ಕಷ್ಟ ಆಯಿತು. ಅವನು ಗೆರೆಗೆ ಬಂದಾಗ ನೀನೂ ಚಪ್ಪಾಳೆ ಹೊಡೆಯಬೇಡ, "ಅರೆ, ಬಂದುಬಿಟ್ಟನಲ್ಲ!" ಅನ್ನಬೇಡ. ಎಲ್ಲರ ಕಣ್ಣು ಒಂದೇ ಸಲ ತನ್ನ ಮೇಲೆ ಬಿದ್ದರೆ ಆ ಮಗು ಮತ್ತೆ ಕಟ್ಟೆ ಹತ್ತುತ್ತದೆ. ಕಳೆದ ವರ್ಷ ಒಬ್ಬ ಹುಡುಗಿಗೆ ಹೀಗೇ ಆಯಿತು, ಒಂದು ತಿಂಗಳು ಕಾದಿದ್ದು ಒಂದು ಚಪ್ಪಾಳೆಗೆ ಹೋಯಿತು. ಅವಳು ಮತ್ತೆ ಇಳಿದು ಬರುವ ಹೊತ್ತಿಗೆ ಬೇಸಿಗೆ ರಜೆ ಬಂದಿತ್ತು.

ಟೋಪಿ ಬೇಕೇ ಟೋಪಿಗೆ ಅವನು ಇನ್ನೂ ಬರುತ್ತಿಲ್ಲ. ಅಲ್ಲಿ ಹಿಂದೆ ಟೋಪಿ ಇಟ್ಟಿದ್ದು ಗೊತ್ತಾಗಲ್ಲ ಅನ್ನುವ ಭಯವೋ, ಬೇರೆ ಏನೋ, ನಾನಿನ್ನೂ ನೋಡುತ್ತಿದ್ದೇನೆ. ಆ ಆಟ ಶುರುವಾದರೆ ಅವನು ಕಟ್ಟೆ ಮೇಲೆ ಕೂರಲಿ, ಬಿಡು.

ಬರುವ ಶನಿವಾರ ಚಾಕಲೇಟ್ ತಂದರೆ ಎಲ್ಲರಿಗೂ ತಾ, ಇಲ್ಲಾಂದರೆ ಬೇಡ. ಸೀಮೆಸುಣ್ಣ ಇಲ್ಲೇ ಇದೆ, ಅವನ ಹತ್ತಿರ. ಗೆರೆ ಅವನೇ ಎಳೆಯುತ್ತಾನೆ. ಸ್ವಲ್ಪ ಸೊಟ್ಟಗಿರುತ್ತದೆ, ತಿದ್ದಬೇಡ.

ಇಂತಿ,
ನಿನ್ನ ಅಕ್ಕ