ಕನ್ನಡದಲ್ಲಿ ಬರೆದ ಪ್ರಪೋಸಲ್ಲನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿ ಕಳಿಸಿದರೆ ಸಾಕೇ?

ಪ್ರಶ್ನೆ: ನಮ್ಮದು ಹಳ್ಳಿ ಮಕ್ಕಳ ಓದಿನ ಮೇಲೆ ಕೆಲಸ ಮಾಡುವ ಸಣ್ಣ ಸಂಸ್ಥೆ. ವಿದೇಶದ ಒಂದು ಫಂಡರ್‌ಗೆ ಪ್ರಪೋಸಲ್ ಕಳಿಸಬೇಕಿತ್ತು. ನಾವೆಲ್ಲ ಕೂತು ಕನ್ನಡದಲ್ಲಿ ಬರೆದೆವು. ಇಂಗ್ಲಿಷ್ ಚೆನ್ನಾಗಿ ಬರುವವರು ಒಂದು ಸಾಲೂ ಬಿಡದೆ ಅನುವಾದ ಮಾಡಿಕೊಟ್ಟರು. ಆದರೆ "ನೀವು ನಿಜವಾಗಿ ಏನು ಮಾಡುತ್ತೀರಿ, ಅದು ಆಯಿತು ಅಂತ ಹೇಗೆ ಗೊತ್ತಾಗುತ್ತೆ?" ಅಂತ ಅಲ್ಲಿಂದ ಮರುಪತ್ರ ಬಂದಿದೆ. ಅನುವಾದವನ್ನು ಬೇರೆಯವರ ಕೈಲಿ ಮಾಡಿಸಬೇಕಾ?

ಉತ್ತರ: ಬೇಡ. ಇಂಗ್ಲಿಷ್ ಬದಿಗಿಟ್ಟು ಮೊದಲು ನಿಮ್ಮ ಕನ್ನಡ ಪ್ರತಿಯನ್ನು ತೆಗೆದು ನೋಡಿ. ಆ ಎರಡು ಪ್ರಶ್ನೆಗೆ ಉತ್ತರ ಬಹುಶಃ ಅದರಲ್ಲೂ ಇಲ್ಲ.

ಕನ್ನಡದಲ್ಲಿ ಯೋಜನೆ ಬರೆಯಲು ಕೂತ ಕೂಡಲೇ ನಮಗೆ ಸರ್ಕಾರಿ ಪತ್ರದ ಭಾಷೆ ಬಂದುಬಿಡುತ್ತದೆ. "ಮಕ್ಕಳ ಸರ್ವಾಂಗೀಣ ಅಭಿವೃದ್ಧಿಗೆ ಶ್ರಮಿಸಲಾಗುವುದು", "ಪೋಷಕರಲ್ಲಿ ಜಾಗೃತಿ ಮೂಡಿಸಲಾಗುವುದು" ಅಂತೆಲ್ಲ. ಯಾರು ಶ್ರಮಿಸುತ್ತಾರೆ, ಎಷ್ಟು ಮಕ್ಕಳು, ಯಾವ ತಿಂಗಳು, ಒಂದೂ ಇಲ್ಲ. ತಾಲೂಕಿನ ಬಿಇಒ ಸಾಹೇಬರು ಇದನ್ನು ಓದಿದರೆ ತೊಂದರೆ ಇಲ್ಲ. ಅವರಿಗೆ ನೀವು ಗೊತ್ತು, ಶಾಲೆ ಗೊತ್ತು. ಬಿಟ್ಟುಹೋದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. ದೂರದ ದೇಶದಲ್ಲಿ ಕೂತವರಿಗೆ ಆ ಕಾಗದ ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ರಾಯಚೂರು ಜಿಲ್ಲೆಯ ಒಂದು ತಾಲೂಕಿನ 12 ಹಳ್ಳಿಗಳಲ್ಲಿ ಶಾಲೆ ಬಿಟ್ಟ ಮೇಲೆ ಸಂಜೆ ಓದಿನ ಕೇಂದ್ರ ನಡೆಸಬೇಕು. ಮೂರರಿಂದ ಐದನೇ ತರಗತಿಯ ಮಕ್ಕಳು, ಹಳ್ಳಿಗೆ 30 ಮಂದಿಯಂತೆ ಒಟ್ಟು 360. ಕನ್ನಡ ಪ್ರತಿಯಲ್ಲಿ "ಮಕ್ಕಳ ಓದುವ ಸಾಮರ್ಥ್ಯ ಹೆಚ್ಚಿಸಲಾಗುವುದು" ಅಂತಿದೆ. ಈ ಸಾಲನ್ನು ಎಷ್ಟು ಒಳ್ಳೆಯ ಇಂಗ್ಲಿಷಿಗೆ ತಂದರೂ ಅದು ಖಾಲಿ ಸಾಲೇ. ಕನ್ನಡದಲ್ಲೇ ಹೀಗೆ ಬಿಡಿಸಿ ಬರೆಯಿರಿ: "ಪ್ರತಿ ಹಳ್ಳಿಯಲ್ಲಿ ಅದೇ ಊರಿನ ಒಬ್ಬ ಬೋಧಕಿ ವಾರಕ್ಕೆ ಐದು ಸಂಜೆ, ದಿನಕ್ಕೆ ಒಂದೂವರೆ ಗಂಟೆ ಓದಿಸುತ್ತಾರೆ. ಜೂನ್‌ನಲ್ಲಿ ಪ್ರತಿ ಮಗುವನ್ನೂ ಒಂಟಿಯಾಗಿ ಕೂರಿಸಿಕೊಂಡು ಓದಿಸಿ ನೋಡುತ್ತೇವೆ. ಎರಡನೇ ತರಗತಿ ಮಟ್ಟದ ಕಥೆ ಓದಬಲ್ಲ ಮಕ್ಕಳು ಆಗ 70 ಇದ್ದರೆ, ಮಾರ್ಚ್ ಹೊತ್ತಿಗೆ 200 ಆಗಬೇಕು." ಇದನ್ನು ಇಂಗ್ಲಿಷಿಗೆ ತರಲು ದೊಡ್ಡ ಪಂಡಿತರು ಬೇಕಾಗಿಲ್ಲ.

ಓದಿಸಿ ನೋಡಲು ಹೊಸ ಪರೀಕ್ಷೆ ಕಂಡುಹಿಡಿಯುವ ಅಗತ್ಯವೂ ಇಲ್ಲ. ಪ್ರಥಮ್ ಸಂಸ್ಥೆ 2005ರಲ್ಲಿ ಶುರು ಮಾಡಿದ ಅಸರ್ ಸಮೀಕ್ಷೆಯ ಓದಿನ ಹಾಳೆ ಕನ್ನಡದಲ್ಲೂ ಇದೆ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಅಂತ ಮೆಟ್ಟಿಲುಗಳಿವೆ. ಶಿಕ್ಷಣಕ್ಕೆ ದುಡ್ಡು ಕೊಡುವ ಬಹಳ ಫಂಡರ್‌ಗಳಿಗೆ ಆ ಹೆಸರು ಪರಿಚಿತ. "ನಾವೇ ತಯಾರಿಸಿದ ಪರೀಕ್ಷೆ" ಅಂದರೆ ಅದನ್ನು ವಿವರಿಸಲು ಇನ್ನೊಂದು ಪುಟ ಬೇಕಾಗುತ್ತದೆ.

ಇಲ್ಲಿ ಒಂದು ಕಡೆ ಜಾಸ್ತಿ ಹುಷಾರಾಗಿರಬೇಕು. ಆ ಭಾಗದಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ ಮಕ್ಕಳ ಹಾಜರಿ ಇಳಿಯುತ್ತದೆ. ಕೆಲವು ಮನೆಯವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ನಮಗೆ ಇದು ಹೊಸ ವಿಷಯ ಅಲ್ಲ. ಅದಕ್ಕೇ ಪ್ರಪೋಸಲ್‌ನಲ್ಲಿ ಬರೆಯೋದೇ ಇಲ್ಲ. ಆಮೇಲೆ ಮಾರ್ಚ್‌ನಲ್ಲಿ 360ರ ಬದಲು 300 ಮಕ್ಕಳಷ್ಟೇ ಸಿಗುತ್ತಾರೆ. ಅವರಲ್ಲಿ 180 ಮಂದಿ ಕಥೆ ಓದಿದರು ಅನ್ನಿ. 300ಕ್ಕೆ ಹೋಲಿಸಿದರೆ ಶೇ. 60, 360ಕ್ಕೆ ಹೋಲಿಸಿದರೆ ಶೇ. 50. ಯಾವ ಲೆಕ್ಕ ಕೊಡುತ್ತೀರಿ? ಇದನ್ನು ಪ್ರಪೋಸಲ್ ಹಂತದಲ್ಲೇ ತೀರ್ಮಾನಿಸಿ ಬರೆಯಬೇಕು. ಜೂನ್‌ನಲ್ಲಿ ಎಣಿಸಿದ 360 ಮಕ್ಕಳೇ ಕೊನೆವರೆಗೂ ಲೆಕ್ಕದ ಬುಡ, ಗುಳೆ ಹೋದವರ ಸಂಖ್ಯೆ ಬೇರೆಯಾಗಿ ತೋರಿಸುತ್ತೇವೆ ಅನ್ನುವುದು ನನ್ನ ಪ್ರಕಾರ ಪ್ರಾಮಾಣಿಕ ದಾರಿ. ಗುಳೆಯ ವಿಷಯ ಮೊದಲೇ ಹೇಳಿದವರನ್ನು ಫಂಡರ್ ನಂಬುತ್ತಾರೆ. ವರ್ಷದ ಕೊನೆಗೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಇನ್ನು ಅನುವಾದ. ಇಲ್ಲಿ ಆಗುವ ಅಪಾಯ ವ್ಯಾಕರಣದ ತಪ್ಪಲ್ಲ. ನೀವು ಕನ್ನಡದಲ್ಲಿ "ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಕರೆತರಲು ಪ್ರಯತ್ನಿಸುತ್ತೇವೆ" ಅಂದಿರುತ್ತೀರಿ. ಇಂಗ್ಲಿಷಿನಲ್ಲಿ ಅದು ಸಪ್ಪೆ ಅನಿಸಿ, ಅನುವಾದಕರು "ಪ್ರತಿ ಮಗುವೂ ಶಾಲೆಗೆ ಮರಳುವಂತೆ ನೋಡಿಕೊಳ್ಳುತ್ತೇವೆ" ಅನ್ನುವ ಅರ್ಥಕ್ಕೆ ಏರಿಸಿಬಿಡುತ್ತಾರೆ. ಓದಲು ಚೆನ್ನಾಗಿರುತ್ತದೆ, ಅಲ್ವಾ? ಆದರೆ ದುಡ್ಡು ಮಂಜೂರಾದಾಗ ಆ ಇಂಗ್ಲಿಷ್ ಪ್ರತಿ ಒಪ್ಪಂದದ ಜೊತೆ ಲಗತ್ತಾಗುತ್ತದೆ. ವರ್ಷದ ವರದಿಯಲ್ಲಿ ಆ ಸಾಲಿಗೆ ಉತ್ತರ ಕೊಡಬೇಕಾದವರು ಅನುವಾದಕರಲ್ಲ, ನೀವು. ಹಳ್ಳಿಯಲ್ಲಿ ಓದಿಸುವ ಬೋಧಕಿಗೆ ಅಂಥ ಮಾತು ಕೊಟ್ಟಿರುವುದೇ ಗೊತ್ತಿರುವುದಿಲ್ಲ.

ಇದನ್ನು ಹಿಡಿಯಲು ಒಂದು ಸುಲಭ ಉಪಾಯ ಇದೆ. ಕನ್ನಡ ಪ್ರತಿ ನೋಡದ ಒಬ್ಬರ ಕೈಗೆ ಇಂಗ್ಲಿಷ್ ಪ್ರತಿ ಕೊಡಿ. ಅವರು ಅದನ್ನು ಓದಿಕೊಂಡು, ಸಂಸ್ಥೆ ಏನೇನು ಮಾಡುತ್ತದೆ ಅಂತ ಕನ್ನಡದಲ್ಲಿ ಬಾಯಿಮಾತಲ್ಲಿ ಹೇಳಲಿ. ಕೇಂದ್ರ ನಡೆಸುವವರು ಎದುರಿಗೆ ಕೂತು ಕೇಳಲಿ. "ಅಯ್ಯೋ, ಅದನ್ನು ನಾವು ಹೇಳೇ ಇಲ್ಲವಲ್ಲ" ಅಂತ ಎಲ್ಲಿ ಬರುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ ಅಷ್ಟೇ.

ಸ್ಥಳೀಯ ಪದಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ಎಸ್‌ಡಿಎಂಸಿ, ಅಂಗನವಾಡಿ, ನಲಿ-ಕಲಿ ಅಂತ ಹಾಗೇ ಇಟ್ಟು, ಮೊದಲ ಸಲ ಬಂದಾಗ ಅರ್ಧ ಸಾಲಿನ ವಿವರಣೆ ಕೊಟ್ಟರೆ ಸಾಕು. ತರಗತಿ ಹೇಳಿದಲ್ಲಿ ಮಕ್ಕಳ ವಯಸ್ಸನ್ನೂ ಹೇಳಿ. ಬಿಇಒ ಕೊಟ್ಟ ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ಮೂಲವನ್ನೂ ಅನುವಾದವನ್ನೂ ಒಟ್ಟಿಗೆ ಕಳಿಸಿ.

ಬಜೆಟ್ ಮಾತ್ರ ನಿಧಾನವಾಗಿ ನೋಡಬೇಕಾದ್ದು. ನಮ್ಮ ಉದಾಹರಣೆಗೆ ಮರಳೋಣ. 12 ಬೋಧಕಿಯರಿಗೆ ತಿಂಗಳಿಗೆ 6,000 ರೂಪಾಯಿಯಂತೆ 10 ತಿಂಗಳಿಗೆ 7,20,000. ಪುಸ್ತಕ, ಕಲಿಕಾ ಸಾಮಗ್ರಿ 1,80,000. ತರಬೇತಿ 1,20,000. ಮಕ್ಕಳ ಓದು ಅಳೆಯಲು 60,000. ಸಂಯೋಜಕರಿಗೆ ತಿಂಗಳಿಗೆ 22,000ದಂತೆ ವರ್ಷಕ್ಕೆ 2,64,000. ಕಚೇರಿ, ಲೆಕ್ಕಪತ್ರ, ಆಡಿಟ್‌ಗೆ 96,000. ಒಟ್ಟು 14,40,000 ರೂಪಾಯಿ.

ಹೊರಗಿನವರಿಗೆ 14,40,000 ಅಂತ ಅಲ್ಪವಿರಾಮ ಹಾಕಿದರೆ ಟೈಪಿಂಗ್ ತಪ್ಪಿನಂತೆ ಕಾಣುತ್ತದೆ. ಇಂಗ್ಲಿಷ್ ಪ್ರತಿಯಲ್ಲಿ 1,440,000 ಅಂತ ಬರೆಯಿರಿ. ಲಕ್ಷ, ಕೋಟಿ ಬೇಡ. ಡಾಲರ್‌ನಲ್ಲಿ ಕೇಳುವುದಾದರೆ ಯಾವ ದಿನದ, ಯಾವ ದರ ಅಂತ ಅಲ್ಲೇ ನಮೂದಿಸಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ಡಾಲರಿಗೆ 90 ರೂಪಾಯಿ ಅಂದುಕೊಂಡರೆ ನೀವು ಕೇಳುವುದು 16,000 ಡಾಲರ್. ದುಡ್ಡು ಬರುವ ದಿನ ದರ 86ಕ್ಕೆ ಇಳಿದರೆ ಕೈಗೆ ಸಿಗುವುದು 13,76,000. ಕೊರತೆ 64,000 ರೂಪಾಯಿ, ಅಂದರೆ ಹೆಚ್ಚುಕಡಿಮೆ ಒಬ್ಬ ಬೋಧಕಿಯ ವರ್ಷದ ಗೌರವಧನ. ಹಾಗಾದಾಗ ಯಾವ ಖರ್ಚು ಕಡಿಮೆ ಮಾಡುತ್ತೀರಿ ಅನ್ನುವುದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ. ಆಗುವುದಾದರೆ ಬಜೆಟ್ಟನ್ನು ರೂಪಾಯಿಯಲ್ಲೇ ಒಪ್ಪಿಸಿಕೊಳ್ಳಿ.

ಬಜೆಟ್ಟಿನ ಪದಗಳಿಗೆ ಕಾನೂನಿನ ನಂಟೂ ಇದೆ. ವಿದೇಶಿ ದೇಣಿಗೆ ಪಡೆಯಲು 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಅದು ಇಲ್ಲದಿದ್ದರೆ ಎಷ್ಟು ಒಳ್ಳೆಯ ಪ್ರಪೋಸಲ್ ಆದರೂ ಹಣ ತೆಗೆದುಕೊಳ್ಳುವಂತಿಲ್ಲ. 2020ರ ತಿದ್ದುಪಡಿ ಬಂದ ಮೇಲೆ ಆಡಳಿತ ವೆಚ್ಚ ಶೇ. 20ನ್ನು ಮೀರಬಾರದು. ಮೊದಲು ಅದು ಶೇ. 50 ಇತ್ತು. ಈ ಮಿತಿ ಒಂದು ಯೋಜನೆಗಲ್ಲ, ಆ ಆರ್ಥಿಕ ವರ್ಷದಲ್ಲಿ ಸಂಸ್ಥೆಗೆ ಬಂದ ಒಟ್ಟು ವಿದೇಶಿ ದೇಣಿಗೆಗೆ ಅನ್ವಯಿಸುತ್ತದೆ. ಆದರೆ ನಿಮಗೆ ಇದೊಂದೇ ಗ್ರಾಂಟ್ ಇದ್ದರೆ ಎರಡೂ ಒಂದೇ ಆಯಿತು.

ಈಗ ನಮ್ಮ ಬಜೆಟ್ ನೋಡಿ. ಕಚೇರಿ ಮತ್ತು ಆಡಿಟ್‌ನ 96,000 ಆಡಳಿತ ವೆಚ್ಚವೇ. ಸಂಯೋಜಕರ 2,64,000 ಕೂಡ ಅದಕ್ಕೆ ಸೇರಿದರೆ 3,60,000 ಆಗುತ್ತದೆ, ಒಟ್ಟಿನ ಶೇ. 25. ಮಿತಿ ದಾಟಿತು. ಮಕ್ಕಳಿಗೆ ಪಾಠ ಹೇಳುವವರ ಸಂಬಳದಂತೆ ಸಂಸ್ಥೆಯ ಉದ್ದೇಶಕ್ಕೆ ನೇರವಾಗಿ ಆಗುವ ಖರ್ಚನ್ನು ನಿಯಮಗಳು ಆಡಳಿತ ವೆಚ್ಚದಿಂದ ಹೊರಗಿಡುತ್ತವೆ. ನಿಮ್ಮ ಸಂಯೋಜಕರು ವಾರದ ಹೆಚ್ಚಿನ ದಿನ ಕೇಂದ್ರಗಳಲ್ಲೇ ಇದ್ದು ಮಕ್ಕಳಿಗೆ ಓದಿಸುತ್ತಾ, ಬೋಧಕಿಯರಿಗೆ ಕಲಿಸುತ್ತಾ ಇದ್ದರೆ ಅದನ್ನೇ ಬರೆಯಿರಿ. ಕನ್ನಡದಲ್ಲಿ ಬರೀ "ಮೇಲ್ವಿಚಾರಣೆ" ಅಂತ ಬರೆದದ್ದು ಇಂಗ್ಲಿಷಿನಲ್ಲಿ ನಿರ್ವಹಣೆಯ ಹುದ್ದೆಯಾಗಿ ಕಾಣುತ್ತದೆ. ಆದರೆ ಅವರು ನಿಜವಾಗಿ ಕಚೇರಿಯಲ್ಲೇ ಕೂರುವವರಾದರೆ ಪದ ಬದಲಿಸಿ ದಾಟಿಕೊಳ್ಳಲು ಹೋಗಬೇಡಿ. ಬಜೆಟ್ಟನ್ನೇ ತಿದ್ದಿ. ಯಾವ ಖರ್ಚು ಯಾವ ಕಡೆ ಅಂತ ನಿಮ್ಮ ಆಡಿಟರ್ ಹತ್ತಿರ ಕೇಳುವುದು ಪ್ರಪೋಸಲ್ ಕಳಿಸುವ ಮೊದಲು, ಆಮೇಲಲ್ಲ.

ಇನ್ನೊಂದು ಸಾಲು ನಮ್ಮ ಪ್ರಪೋಸಲ್‌ಗಳಲ್ಲಿ ಸುಮ್ನೆ ನುಸುಳಿಕೊಂಡಿರುತ್ತದೆ: "ಪ್ರತಿ ಶಾಲೆಯ ಎಸ್‌ಡಿಎಂಸಿಗೆ 10,000 ರೂಪಾಯಿ ನೀಡಲಾಗುವುದು." ಊರವರ ಪಾಲ್ಗೊಳ್ಳುವಿಕೆ ಅಂತ ಒಳ್ಳೆಯ ಮನಸ್ಸಿನಿಂದಲೇ ಬರೆದಿರುತ್ತೀರಿ. ಆದರೆ 2020ರ ನಂತರ ವಿದೇಶಿ ದೇಣಿಗೆಯನ್ನು ಬೇರೆ ವ್ಯಕ್ತಿಗಾಗಲಿ ಸಂಸ್ಥೆಗಾಗಲಿ ವರ್ಗಾಯಿಸುವಂತಿಲ್ಲ. ಆ ಸಾಲು ತೆಗೆಯಿರಿ. ಪುಸ್ತಕವನ್ನೋ ಕಪಾಟನ್ನೋ ನಿಮ್ಮ ಸಂಸ್ಥೆಯೇ ಬಿಲ್ ಸಮೇತ ಕೊಂಡು ಮಕ್ಕಳ ಬಳಕೆಗೆ ಇಡುತ್ತದೆ, ಯಾವುದು ಬೇಕು ಅಂತ ಎಸ್‌ಡಿಎಂಸಿ ಹೇಳುತ್ತದೆ ಅಂತ ಬದಲಿಸುವುದಾದರೂ ಆಡಿಟರ್‌ಗೆ ಒಮ್ಮೆ ತೋರಿಸಿ. ಬ್ಯಾಂಕ್ ವಿವರದಲ್ಲೂ ನಿಮ್ಮೂರ ಶಾಖೆಯ ಖಾತೆ ಕೊಡಬೇಡಿ. ವಿದೇಶಿ ಹಣ ಮೊದಲು ಬರಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಎಫ್‌ಸಿಆರ್‌ಎ ಖಾತೆಗೆ.

ಕೊನೆಯದಾಗಿ, ಕಳಿಸಿದ ಮೇಲೂ ಪ್ರಪೋಸಲ್ ಬದಲಾಗುತ್ತಲೇ ಇರುತ್ತದೆ. "12 ಹಳ್ಳಿ ಬೇಡ, 8 ಮಾಡಿ" ಅಂತಲೋ, "ಹೆಣ್ಣುಮಕ್ಕಳ ಲೆಕ್ಕ ಬೇರೆ ಕೊಡಿ" ಅಂತಲೋ ಫಂಡರ್ ಕೇಳುತ್ತಾರೆ. ಈ ಮಾತುಕತೆ ಎಲ್ಲ ಇಂಗ್ಲಿಷ್ ಇಮೇಲ್‌ನಲ್ಲೇ ಮುಗಿಯುತ್ತದೆ. ಕನ್ನಡ ಪ್ರತಿ ಹಳೆಯದೇ ಉಳಿಯುತ್ತದೆ, ಮತ್ತು ಹಳ್ಳಿಯಲ್ಲಿ ಕೆಲಸ ಮಾಡುವವರ ಕೈಯಲ್ಲಿರುವುದು ಅದೇ. ಒಪ್ಪಂದಕ್ಕೆ ಸಹಿ ಬಿದ್ದ ವಾರದಲ್ಲೇ ಅಂತಿಮ ಇಂಗ್ಲಿಷ್ ಪ್ರತಿಯಿಂದ ಹಳ್ಳಿಗಳ ಪಟ್ಟಿ, ಗುರಿ, ಬಜೆಟ್ ಮೂರನ್ನೂ ಮತ್ತೆ ಕನ್ನಡಕ್ಕೆ ತನ್ನಿ. ಮೇಲೆ ತಾರೀಖು ಹಾಕಿ ಎಲ್ಲ ಬೋಧಕಿಯರಿಗೂ ಒಂದೊಂದು ಪ್ರತಿ ಕೊಟ್ಟು, ಹಳೆಯದನ್ನು ವಾಪಸ್ ತೆಗೆದುಕೊಳ್ಳಿ.