ತೋಟದ ಲೆಕ್ಕದಲ್ಲಿ ಹಣದುಬ್ಬರ: ಒಂದು ಹಳೆಯ ತಪ್ಪಿನ ಹಿನ್ನೆಲೆ

ಬದಿಯಡ್ಕ, ಪೆರ್ಲದ ಕಡೆ ಹೊಸ ಅಡಿಕೆ ತೋಟಕ್ಕೆ ಸಾಲ ಕೇಳುವವರು ಬರೆಸುವ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಮುಂದಿನ ಇಪ್ಪತ್ತೈದು ವರ್ಷಗಳ ಆದಾಯವನ್ನು ಇಂದಿನ ಧಾರಣೆಯಲ್ಲಿ ಹಾಕಿ, ಅದನ್ನು ಬ್ಯಾಂಕಿನ ಬಡ್ಡಿದರದಿಂದ ಇಂದಿನ ಮೌಲ್ಯಕ್ಕೆ ಇಳಿಸಿದರೆ, ನೋಡುವುದಕ್ಕೆ ಜಾಗರೂಕತೆಯ ಲೆಕ್ಕದಂತೆ ಕಂಡರೂ ಅದು ತಪ್ಪು ಲೆಕ್ಕವಾಗುತ್ತದೆ: ಆ ಆದಾಯದಲ್ಲಿ ಮುಂದಿನ ಬೆಲೆಯೇರಿಕೆ ಸೇರಿರುವುದಿಲ್ಲ, ಬಡ್ಡಿದರದಲ್ಲಿ ಸೇರಿರುತ್ತದೆ.

ಬಡ್ಡಿಯೊಳಗೆ ಹಣದುಬ್ಬರ ಅಡಗಿರುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1896ರಲ್ಲಿಯೇ ವಿವರಿಸಿದ್ದರು. ಅವರು ಬಳಸಿದ ಪುರಾವೆಗಳಲ್ಲೊಂದು ನಮ್ಮ ದೇಶದ್ದೇ ಎಂಬುದು ಗಮನಿಸಬೇಕಾದ ಸಂಗತಿ: ಆಗಿನ ಭಾರತ ಸರ್ಕಾರದ ಸಾಲಪತ್ರಗಳಲ್ಲಿ ಕೆಲವು ಚಿನ್ನದ ಲೆಕ್ಕದಲ್ಲಿ, ಕೆಲವು ಬೆಳ್ಳಿಯ ರೂಪಾಯಿ ಲೆಕ್ಕದಲ್ಲಿ ಲಂಡನ್ನಿನಲ್ಲಿ ಮಾರಾಟವಾಗುತ್ತಿದ್ದವು. ಸಾಲಗಾರ ಒಬ್ಬನೇ ಆಗಿದ್ದರೂ, ಚಿನ್ನದೆದುರು ರೂಪಾಯಿ ಕುಸಿಯುತ್ತಿದ್ದುದರಿಂದ ರೂಪಾಯಿ ಪತ್ರದ ಮೇಲೆ ಜನ ಹೆಚ್ಚು ಪ್ರತಿಫಲ ಬಯಸುತ್ತಿದ್ದರು. ಇದರಿಂದ ಮೂಡಿದ ಸೂತ್ರ ಸರಳವಾದುದು:

```
(1 + n) = (1 + r) × (1 + i)
```

ಇಲ್ಲಿ `n` ಬ್ಯಾಂಕು ಹೇಳುವ ನಾಮಮಾತ್ರ ದರ, `r` ಬೆಲೆಯೇರಿಕೆಯನ್ನು ಕಳೆದ ನೈಜ ದರ, `i` ನಿರೀಕ್ಷಿತ ಹಣದುಬ್ಬರ. ಹಣದುಬ್ಬರ ಶೇ 5, ನೈಜ ದರ ಶೇ 6 ಆದರೆ ನಾಮಮಾತ್ರ ದರ ಶೇ 11.3 ಆಗುತ್ತದೆ.

ಸೂತ್ರ ತಿಳಿದಿದ್ದರೂ ತಪ್ಪು ನಿಲ್ಲಲಿಲ್ಲ. ಬೆಲೆಗಳು ವೇಗವಾಗಿ ಏರುತ್ತಿದ್ದ ಕಾಲದಲ್ಲಿ, 1979ರಲ್ಲಿ, ಅರ್ಥಶಾಸ್ತ್ರಜ್ಞರಾದ ಫ್ರಾಂಕೊ ಮೊದಿಗ್ಲಿಯಾನಿ ಮತ್ತು ರಿಚರ್ಡ್ ಕೋನ್ ಅಮೆರಿಕದ ಹೂಡಿಕೆದಾರರು ಕಂಪನಿಗಳ ನೈಜ ಗಳಿಕೆಯನ್ನು ನಾಮಮಾತ್ರ ದರದಿಂದ ಇಳಿಸಿ ಷೇರುಗಳನ್ನು ಕಡಿಮೆ ಬೆಲೆಗೆ ಅಳೆಯುತ್ತಿದ್ದಾರೆ ಎಂದು ವಾದಿಸಿದರು. ತೋಟದ ರಿಪೋರ್ಟಿನಲ್ಲಿ ನುಸುಳುವುದೂ ಇದೇ ತಪ್ಪು.

ಒಂದು ತೋಟಕ್ಕೆ ಇಂದು 5 ಲಕ್ಷ ರೂಪಾಯಿ ಖರ್ಚಾಗಿ, ಆರನೆಯ ವರ್ಷದಿಂದ ಇಪ್ಪತ್ತೈದನೆಯ ವರ್ಷದವರೆಗೆ ಇಂದಿನ ಧಾರಣೆಯಲ್ಲಿ ವರ್ಷಕ್ಕೆ 80,000 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಅದನ್ನು ಶೇ 6ರ ನೈಜ ದರದಿಂದ ಇಳಿಸಿದರೆ ಇಂದಿನ ಮೌಲ್ಯ ಸುಮಾರು 6.86 ಲಕ್ಷ, ಅಂದರೆ ತೋಟ ಲಾಭದಾಯಕ. ಪ್ರತಿ ವರ್ಷದ ಆದಾಯವನ್ನು ಶೇ 5ರಂತೆ ಏರಿಸಿ ಶೇ 11.3ರಿಂದ ಇಳಿಸಿದರೂ ಬರುವುದು ಅದೇ 6.86 ಲಕ್ಷ. ಆದರೆ ಏರಿಸದ 80,000ವನ್ನು ಶೇ 11.3ರಿಂದ ಇಳಿಸಿದರೆ ಮೌಲ್ಯ 3.66 ಲಕ್ಷಕ್ಕೆ ಕುಸಿದು, ಒಳ್ಳೆಯ ತೋಟವೇ ನಷ್ಟದ್ದಾಗಿ ಕಾಣುತ್ತದೆ. ಇನ್ನೊಂದು ಬಗೆಯ ತಪ್ಪು ಇದಕ್ಕಿಂತ ಅಪಾಯಕಾರಿ: ಏರಿಸಿದ ಆದಾಯವನ್ನು ಶೇ 6ರಿಂದ ಇಳಿಸಿದರೆ 13.8 ಲಕ್ಷ ಬರುತ್ತದೆ, ಸಾಲ ಮಾಡಿಸುವುದೇ ಆ ಅಂಕಿ. ಅಡಿಕೆ ಗಿಡ ಫಲ ಕೊಡಲು ವರ್ಷಗಟ್ಟಲೆ ಕಾಯಿಸುವುದರಿಂದ ಇಂಥ ವ್ಯತ್ಯಾಸ ತರಕಾರಿ ಬೆಳೆಗಿಂತ ಇಲ್ಲಿ ಬಹಳ ದೊಡ್ಡದಾಗುತ್ತದೆ.

ಇಂದಿನ ಧಾರಣೆಯ ಆದಾಯಕ್ಕೆ ನೈಜ ದರ, ಏರಿಸಿದ ಆದಾಯಕ್ಕೆ ನಾಮಮಾತ್ರ ದರ ಎಂಬ ಎರಡೂ ದಾರಿಗಳಲ್ಲಿ ಒಂದೇ ಉತ್ತರ ಬಾರದಿದ್ದರೆ ಎಲ್ಲೋ ಬೆರಕೆಯಾಗಿದೆ ಎಂದೇ ತಿಳಿಯಬೇಕು. ಹೆಚ್ಚಾಗಿ ಬೆರಕೆಯಾಗುವುದು ಸಾಲದ ಕಂತಿನಲ್ಲಿ. ಕೂಲಿ, ಗೊಬ್ಬರ, ಅಡಿಕೆಯ ಧಾರಣೆಗಳು ಬದಲಾದರೂ ನಿಶ್ಚಿತ ಬಡ್ಡಿಯ ಕಂತು ಬದಲಾಗುವುದಿಲ್ಲ. ಹಾಗಾಗಿ ನೈಜ ಲೆಕ್ಕದಲ್ಲಿ ಹತ್ತನೆಯ ವರ್ಷದ 50,000 ರೂಪಾಯಿಯ ಕಂತನ್ನು ಹಾಗೆಯೇ ಬರೆಯುವಂತಿಲ್ಲ. ಶೇ 5ರ ಹಣದುಬ್ಬರದಲ್ಲಿ ಇಂದಿನ ರೂಪಾಯಿಗಳಲ್ಲಿ ಅದು ಸುಮಾರು 30,700 ಮಾತ್ರ. ಕೂಲಿ ಉಳಿದ ಬೆಲೆಗಳಿಗಿಂತ ವೇಗವಾಗಿ ಏರುವುದಾದರೆ, ಆ ಹೆಚ್ಚಳವನ್ನು ಮಾತ್ರ ನೈಜ ಲೆಕ್ಕದಲ್ಲೂ ಸೇರಿಸಬೇಕು.